‘ಸಹಾಯಧನ’ ಹೋಗಿ ‘ಸಹಾಯದನ’ ಆದದ್ದು ಹೇಗೆ? ಗ್ರೂಪಿಗೆ ಹಾಕಿದ ಫೋಟೋಗಳ ಒಂದು ಪ್ರಕರಣ

ಇದು ಮಲೆನಾಡಿನ ಒಂದು ಹಳೆಯ ಸಹಕಾರ ಸಂಘದಲ್ಲಿ ನಡೆದದ್ದು. ಸಂಘದ ಹೆಸರು, ಊರು, ಜನರ ಹೆಸರು ಯಾವುದನ್ನೂ ಹೇಳುವುದಿಲ್ಲ. ಯಾವ ಆಪ್ ಎಂದೂ ಹೇಳುವುದಿಲ್ಲ. ಕಳಿಸುವ ಮುಂಚೆ ಫೋಟೋವನ್ನು ಕುಗ್ಗಿಸುವುದು ಬಹುತೇಕ ಆಪ್‌ಗಳು ಮಾಡುವ ಕೆಲಸವೇ.

ಸಂಘದ ಕಪಾಟಿನಲ್ಲಿ 1960ರ ದಶಕದಿಂದ ಈಚಿನ ವಾರ್ಷಿಕ ವರದಿಗಳಿದ್ದವು. ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಫುಲ್‌ಸ್ಕೇಪ್ ಹಾಳೆಗಳು. ಅಂಕಿಗಳೂ ಕನ್ನಡದವೇ. ಕೆಲವಕ್ಕೆ ಗೆದ್ದಲು ಹಿಡಿದಿತ್ತು, ಕೆಲವು ಮುಟ್ಟಿದರೆ ಪುಡಿಯಾಗುತ್ತಿದ್ದವು. ಇವನ್ನೆಲ್ಲ ಕಂಪ್ಯೂಟರಿನಲ್ಲಿ ಹುಡುಕಲು ಬರುವ ಹಾಗೆ ಪಠ್ಯವಾಗಿ ಮಾಡಿಡೋಣ ಎಂದು ಕಾರ್ಯದರ್ಶಿಯವರು ಆಸೆಪಟ್ಟರು. ಮುದ್ರಿತ ಕನ್ನಡ ಓದುವ ಒಂದು ಒಸಿಆರ್ ಮಾದರಿ, ಅಂದರೆ ಪುಟದ ಚಿತ್ರ ನೋಡಿ ಅದನ್ನು ಪಠ್ಯವಾಗಿಸುವ ತಂತ್ರಾಂಶ, ನನ್ನ ಹತ್ತಿರ ಇತ್ತು. ಸ್ಕ್ಯಾನರಿನಲ್ಲಿ 300 ಡಿಪಿಐಗೆ ತೆಗೆದ ಪುಟಗಳ ಮೇಲೆ ಅದಕ್ಕೆ ತರಬೇತಿ ಕೊಟ್ಟಿದ್ದೆ. ಡಿಪಿಐ ಅಂದರೆ ಒಂದು ಇಂಚು ಹಾಳೆಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕ. ಅಂಥ ಪುಟಗಳನ್ನು ಅದು ಚೆನ್ನಾಗಿ ಓದುತ್ತಿತ್ತು.

ಸಂಘದಲ್ಲಿ ಸ್ಕ್ಯಾನರ್ ಇರಲಿಲ್ಲ. ಮೂವರು ಸದಸ್ಯರ ಬಳಿ ಒಳ್ಳೆಯ ಫೋನ್ ಇತ್ತು, ನಾಲ್ಕು ಸಾವಿರಕ್ಕೆ ಮೂರು ಸಾವಿರ ಪಿಕ್ಸೆಲಿನ ಫೋಟೋ ತೆಗೆಯುವಂಥವು. ನಾನು ಲೆಕ್ಕ ಹಾಕಿದೆ. ಹಾಳೆಯ ಉದ್ದ 13 ಇಂಚು. ಫೋಟೋದಲ್ಲಿ ಅಂಚು ಸ್ವಲ್ಪ ಬಿಟ್ಟರೂ ಹಾಳೆಗೆ 3,900 ಪಿಕ್ಸೆಲ್ ಸಿಗುತ್ತದೆ. ಹದಿಮೂರರಿಂದ ಭಾಗಿಸಿದರೆ ಸರಿಯಾಗಿ 300 ಡಿಪಿಐ. ಸಾಕು ಎಂದುಕೊಂಡೆ. ಸಂಜೆ ಬೆಳಕಲ್ಲಿ ಬೇಡ, ನೆರಳು ಬೀಳದ ಹಾಗೆ ಜಗಲಿಯಲ್ಲಿ ತೆಗೆಯಿರಿ, ಫೋನ್ ಓರೆ ಹಿಡಿಯಬೇಡಿ ಎಂದೆಲ್ಲ ಹೇಳಿಕೊಟ್ಟೆ. ತೆಗೆದದ್ದನ್ನು ನನಗೆ ಹೇಗೆ ಕಳಿಸಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಸಂಘದ್ದೇ ಒಂದು ಗ್ರೂಪ್ ಇತ್ತು, ಅಲ್ಲಿಗೇ ಹಾಕಿದರು. ಈ ಪ್ರಕರಣದ ಮೊದಲ ತಪ್ಪು ನಿರ್ಧಾರ ಅದೇ. ಅದನ್ನು ನಿರ್ಧಾರ ಅಂತ ಆಗ ಯಾರೂ ಅಂದುಕೊಂಡಿರಲೇ ಇಲ್ಲ.

ಲೆಕ್ಕ ಕೂಡಲಿಲ್ಲ

ಮೊದಲ 40 ಪುಟ ಬಂತು. ಮಾದರಿ ಓದಿತು. ಮೇಲೆ ಮೇಲೆ ನೋಡಿದರೆ ಚೆನ್ನಾಗೇ ಇತ್ತು. ದೊಡ್ಡ ಅಕ್ಷರದ ಶೀರ್ಷಿಕೆಗಳು, ಅಧ್ಯಕ್ಷರ ಮಾತು, ನಿರ್ಣಯಗಳು ಎಲ್ಲ ಓದುವ ಹಾಗೆ ಬಂದಿದ್ದವು. ಮಾದರಿ ತನ್ನ ಓದಿಗೆ ಕೊಡುವ ಭರವಸೆಯ ಅಂಕವೂ ಜಾಸ್ತಿಯೇ ಇತ್ತು.

ಜಮಾ-ಖರ್ಚಿನ ಪಟ್ಟಿಗೆ ಬಂದಾಗ ಸಮಸ್ಯೆ ಹೊರಬಿತ್ತು. ಒಂದು ಪುಟದಲ್ಲಿ ನಾಲ್ಕು ಸಣ್ಣ ಖರ್ಚುಗಳಿದ್ದವು, ಕೆಳಗೆ ಒಟ್ಟು 740.50. ಮಾದರಿ ಓದಿದ್ದು ಹೀಗೆ: 310.25, 12450, 86.00, 219.75. ಕೂಡಿದರೆ 13,066. ಎರಡನೇ ಸಾಲು 124.50 ಇರಬೇಕಿತ್ತು. ಅದರ ಚುಕ್ಕಿ ಎಲ್ಲೋ ಕಳೆದುಹೋಗಿತ್ತು. ಅದೇ ಪುಟದಲ್ಲಿ ‘ಸಹಾಯಧನ’ ಅನ್ನುವುದು ‘ಸಹಾಯದನ’ ಆಗಿತ್ತು. ಇನ್ನೊಂದು ಕಡೆ ‘ಫಲ’ ಹೋಗಿ ‘ಪಲ’, ‘ಭತ್ತ’ ಹೋಗಿ ‘ಬತ್ತ’.

ತಪ್ಪುಗಳನ್ನು ಒಂದು ಹಾಳೆಯ ಮೇಲೆ ಬರೆದು ನೋಡುತ್ತಾ ಹೋದ ಹಾಗೆ ಅವು ಚದುರಿದ ತಪ್ಪುಗಳಲ್ಲ ಎಂದು ಗೊತ್ತಾಯಿತು. ದ-ಧ, ಪ-ಫ, ಬ-ಭ, ಡ-ಢ. ಕನ್ನಡದಲ್ಲಿ ಈ ಜೋಡಿಗಳ ನಡುವೆ ಇರುವುದು ಅಕ್ಷರದ ಬುಡದಲ್ಲಿ ಒಂದು ಸಣ್ಣ ಗೀಟು ಮಾತ್ರ. ಹೊಟ್ಟೆ ಸೀಳಿದ ‘ಷ’ ಕೂಡ ಅಲ್ಲಲ್ಲಿ ‘ಪ’ ಆಗಿತ್ತು, ಅಲ್ಲಿ ಒಳಗಿನ ಸೀಳು ಹೋಗಿತ್ತು. ಒತ್ತಕ್ಷರಗಳು ಒಂದರ ಬದಲು ಇನ್ನೊಂದಾಗಿದ್ದವು. ದಶಮಾಂಶದ ಚುಕ್ಕಿ ಮಾಯವಾಗಿತ್ತು. ಅಂದರೆ ಅಕ್ಷರದ ದೊಡ್ಡ ಆಕಾರ ಉಳಿದಿದೆ, ಅದಕ್ಕೆ ಅಂಟಿಕೊಂಡ ಚಿಕ್ಕ ಗುರುತು ಹೋಗಿದೆ.

ಮಾದರಿಯ ಮೇಲೆ ನನಗೆ ಅನುಮಾನ ಬಂತು. ಕಾರ್ಯದರ್ಶಿಯವರಿಗೆ ಫೋಟೋ ಸರಿಯಿಲ್ಲವೇನೋ ಎಂದೆ. ಅವರು ಫೋನ್ ಮುಂದೆ ಹಿಡಿದು, “ಇಷ್ಟು ಚೆನ್ನಾಗಿ ಕಾಣ್ತದಲ್ಲ ಮಾರಾಯ್ರೆ, ನಿಮ್ಮ ಮಷಿನ್ನಿಗೆ ಯಾಕೆ ಕಾಣುದಿಲ್ಲ?” ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಫೋನಿನ ಪರದೆಯಲ್ಲಿ ಅಡ್ಡಕ್ಕೆ ಸಾಮಾನ್ಯವಾಗಿ ಸಾವಿರದ ಆಸುಪಾಸು ಪಿಕ್ಸೆಲ್ ಇರುತ್ತದೆ. ಕುಗ್ಗಿಸಿದ ಫೋಟೋ ಆ ಪರದೆಯನ್ನು ತುಂಬಲು ಧಾರಾಳವಾಗಿ ಸಾಕು. ಆಪ್ ಕುಗ್ಗಿಸುವುದೂ ಪರದೆಯ ಮೇಲೆ ನೋಡುವ ನಮ್ಮ ಕಣ್ಣನ್ನು ಮನಸ್ಸಲ್ಲಿಟ್ಟುಕೊಂಡೇ. ಜೊತೆಗೆ ಅವರಿಗೆ ಸಂಘದ ಲೆಕ್ಕ ಬಾಯಿಪಾಠ. ‘ಸಹಾಯದನ’ ಇದ್ದರೂ ಅವರ ಕಣ್ಣು ‘ಸಹಾಯಧನ’ ಎಂದೇ ಓದುತ್ತದೆ.

ಕೊನೆಗೆ ಫೈಲುಗಳನ್ನೇ ವಿಚಾರಿಸಿದೆ. ಇದಕ್ಕೆ ಇಮೇಜ್‌ಮ್ಯಾಜಿಕ್ ಎಂಬ ಚಿತ್ರಗಳ ತಂತ್ರಾಂಶದ ಒಂದೇ ಸಾಲು ಸಾಕು:

```
identify -format "%f %wx%h %Q %b\n" *.jpg
```

ಹೆಸರು, ಪಿಕ್ಸೆಲ್ ಅಳತೆ, ಅಂದಾಜು ಗುಣಮಟ್ಟ, ಫೈಲಿನ ತೂಕ ಎಲ್ಲ ಬರುತ್ತದೆ. 4000x3000 ಬರಬೇಕಾದ ಜಾಗದಲ್ಲಿ 1600x1200 ಬಂದಿತ್ತು. ನಾಲ್ಕು ಎಂಬಿ ಇರಬೇಕಾದ ಫೈಲು ಕಾಲು ಎಂಬಿ ಆಸುಪಾಸಿನಲ್ಲಿತ್ತು. ಫೋಟೋ ತೆಗೆದ ದಿನಾಂಕ, ಕ್ಯಾಮೆರಾದ ಹೆಸರು ಇರಬೇಕಾದ ಎಕ್ಸಿಫ್ ಮಾಹಿತಿ ಖಾಲಿ. ಆಮೇಲೆ ಒಬ್ಬ ಸದಸ್ಯರ ಫೋನಿನ ಗ್ಯಾಲರಿಯಲ್ಲಿದ್ದ ಅದೇ ಪುಟದ ಮೂಲ ಫೋಟೋ ತರಿಸಿ ಓದಿಸಿದೆ. 124.50 ಸರಿಯಾಗಿ ಬಂತು, ಸಹಾಯಧನವೂ ಬಂತು. ಮಾದರಿ ಅದೇ, ಪುಟ ಅದೇ. ನಡುವೆ ಇದ್ದದ್ದು ಗ್ರೂಪ್ ಒಂದೇ.

ಆಪ್ ಯಾಕೆ ಹೀಗೆ ಮಾಡುತ್ತದೆ

ಆಪಿನ ಮೇಲೆ ಸಿಟ್ಟು ಮಾಡುವ ಮೊದಲು ಅದರ ಕಷ್ಟ ನೋಡಬೇಕು. 40 ಪುಟ ನಾಲ್ಕು ಎಂಬಿಯಂತೆ 160 ಎಂಬಿ. ಆ ಊರಿನಲ್ಲಿ ಅಪ್‌ಲೋಡ್ ಸೆಕೆಂಡಿಗೆ ಒಂದು ಮೆಗಾಬಿಟ್ ಸಿಕ್ಕರೆ ಪುಣ್ಯ. ಆ ಲೆಕ್ಕದಲ್ಲಿ ಮೂಲ ಫೋಟೋಗಳು ಹೋಗಲು ಇಪ್ಪತ್ತು ನಿಮಿಷದ ಮೇಲೆ ಬೇಕು. ಕುಗ್ಗಿಸಿದರೆ ಹತ್ತು ಎಂಬಿ, ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ಗ್ರೂಪಿನಲ್ಲಿ ಮೂವತ್ತು ಜನರಿದ್ದರೆ ಮೂವತ್ತು ಫೋನುಗಳಿಗೂ ಅದು ಇಳಿಯಬೇಕು. 160 ಎಂಬಿ ಇಳಿದಿದ್ದರೆ ಎಷ್ಟೋ ಜನರ ಫೋನಿನಲ್ಲಿ ಜಾಗವೇ ಇರುತ್ತಿರಲಿಲ್ಲ.

ಇನ್ನೊಂದು ಕಾರಣವೂ ಇದೆ. ಸಂದೇಶಗಳನ್ನು ಕಳಿಸುವವರು ಮತ್ತು ಪಡೆಯುವವರು ಬಿಟ್ಟು ಮತ್ತಾರೂ ನೋಡದ ಹಾಗೆ ಬೀಗ ಹಾಕುವ ಆಪ್‌ಗಳಲ್ಲಿ, ನಡುವೆ ಇರುವ ಕಂಪನಿಯ ಸರ್ವರ್ ಕಂಪ್ಯೂಟರಿಗೆ ಫೋಟೋ ಕಾಣುವುದೇ ಇಲ್ಲ. ಕಾಣದ ಫೋಟೋವನ್ನು ಅದು ಒಬ್ಬರಿಗೆ ದೊಡ್ಡದು, ಇನ್ನೊಬ್ಬರಿಗೆ ಚಿಕ್ಕದು ಎಂದು ಮಾಡಿಕೊಡಲು ಆಗುವುದಿಲ್ಲ. ಹಾಗಾಗಿ ಬೀಗ ಹಾಕುವ ಮುಂಚೆಯೇ, ಕಳಿಸುವವರ ಫೋನಿನಲ್ಲೇ ಕುಗ್ಗಿಸಬೇಕು. ಒಮ್ಮೆ ಅಲ್ಲಿಂದ ಚಿಕ್ಕದಾಗಿ ಹೊರಟಿತು ಅಂದರೆ ಈ ಕಡೆ ದೊಡ್ಡದು ಕೇಳಿ ಪಡೆಯುವ ದಾರಿ ಇಲ್ಲ. ಎಕ್ಸಿಫ್ ಅಳಿಸುವುದರಿಂದ ಒಂದು ಉಪಕಾರವೂ ಇದೆ. ಫೋಟೋ ಜೊತೆ ನಮ್ಮ ಮನೆಯ ಜಾಗದ ಗುರುತು ಊರೆಲ್ಲ ಸುತ್ತುವುದು ತಪ್ಪುತ್ತದೆ.

ಗೀಟು ಎಲ್ಲಿ ಹೋಯಿತು

ಈ ಕುಗ್ಗಿಸುವಿಕೆಯಲ್ಲಿ ಎರಡು ಹೆಜ್ಜೆ ಇವೆ. ಅವು ಯಾವ ಕ್ರಮದಲ್ಲಿ ನಡೆಯುತ್ತವೆ ಅನ್ನುವುದೇ ಇಲ್ಲಿ ಮುಖ್ಯ.

ಮೊದಲ ಹೆಜ್ಜೆ ಅಳತೆ ಇಳಿಸುವುದು. ಉದ್ದ 4000 ಇದ್ದದ್ದು 1600 ಆಯಿತು. 300 ಡಿಪಿಐ ಹೋಗಿ 120 ಉಳಿಯಿತು. ಪಟ್ಟಿಯಲ್ಲಿನ ಸಣ್ಣ ಅಚ್ಚಿನ ಅಕ್ಷರ ಸುಮಾರು ಎರಡು ಮಿಲಿಮೀಟರ್ ಎತ್ತರ. ಮೂಲದಲ್ಲಿ ಅದಕ್ಕೆ 24 ಪಿಕ್ಸೆಲ್ ಇತ್ತು, ಈಗ ಹತ್ತಕ್ಕೂ ಕಮ್ಮಿ. ‘ಧ’ದ ಬುಡದ ಗೀಟು ಕಾಲು ಮಿಲಿಮೀಟರ್ ದಪ್ಪ. ಮೂರು ಪಿಕ್ಸೆಲ್ ಇದ್ದದ್ದು ಒಂದು ಚಿಲ್ಲರೆ ಆಯಿತು. ಒಂದು ಪಿಕ್ಸೆಲಿನ ಗೀಟು ಕಪ್ಪಾಗಿಯೂ ಉಳಿಯುವುದಿಲ್ಲ. ಅಕ್ಕಪಕ್ಕದ ಬಿಳಿ ಸೇರಿ ಬೂದು ಬಣ್ಣಕ್ಕೆ ತಿರುಗುತ್ತದೆ.

ಎರಡನೇ ಹೆಜ್ಜೆ ಜೆಪೆಗ್ ಒತ್ತುವಿಕೆ, ಅಂದರೆ ಸಣ್ಣ ವಿವರ ಬಿಟ್ಟು ಫೈಲಿನ ತೂಕ ಇಳಿಸುವುದು. 1992ರಲ್ಲಿ ಮಾನದಂಡವಾದ ಈ ವಿಧಾನ ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲಿನ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕವನ್ನೂ 64 ಸಂಖ್ಯೆಗಳಾಗಿ ಬರೆಯುತ್ತದೆ. ಮೊದಲ ಸಂಖ್ಯೆ ಚೌಕದ ಸರಾಸರಿ ಬೆಳಕು. ಮುಂದಿನವು ನಿಧಾನವಾಗಿ ಬದಲಾಗುವ ದೊಡ್ಡ ಆಕಾರಗಳು. ಕೊನೆಯವು ಒಂದು ಪಿಕ್ಸೆಲ್ ಬಿಟ್ಟು ಒಂದು ಬದಲಾಗುವ ಅತಿ ಸಣ್ಣ ವಿವರಗಳು. ಆಮೇಲೆ ಪ್ರತಿ ಸಂಖ್ಯೆಯನ್ನೂ ಒಂದು ಪಟ್ಟಿಯ ಪ್ರಕಾರ ಭಾಗಿಸಿ ಪೂರ್ಣಾಂಕ ಮಾಡುತ್ತದೆ. ಆಪ್‌ಗಳು ತಮಗೆ ಬೇಕಾದ ಪಟ್ಟಿ ಇಟ್ಟುಕೊಳ್ಳಬಹುದು. ಮಾನದಂಡದ ಜೊತೆ ಉದಾಹರಣೆಗೆಂದು ಬಂದ ಪಟ್ಟಿಯಲ್ಲಿ ಬೆಳಕಿನ ಮೊದಲ ಭಾಜಕ 16, ಕೊನೆಯದು 99. ಕೊನೆಯ ಜಾಗದಲ್ಲಿ 40 ಎಂಬ ಸಂಖ್ಯೆ ಇದ್ದರೆ 40ನ್ನು 99ರಿಂದ ಭಾಗಿಸಿದಾಗ 0.4. ಪೂರ್ಣಾಂಕ ಮಾಡಿದರೆ ಸೊನ್ನೆ. ಬಿಚ್ಚುವಾಗ ಸೊನ್ನೆಯನ್ನು 99ರಿಂದ ಗುಣಿಸಿದರೂ ಸೊನ್ನೆಯೇ. ಆ ವಿವರ ಅಲ್ಲಿಗೆ ಮುಗಿಯಿತು.

ಈಗ ಎರಡೂ ಹೆಜ್ಜೆ ಸೇರಿಸಿ ನೋಡಿ. ಮೂಲ ಫೋಟೋದಲ್ಲಿ ಗೀಟು ಮೂರು ಪಿಕ್ಸೆಲ್ ಇತ್ತು. ಅದು ಹೆಚ್ಚಾಗಿ ನಡುವಿನ ಸಂಖ್ಯೆಗಳಲ್ಲಿ ಕೂತಿರುತ್ತದೆ, ಒತ್ತಿದರೂ ಬಹುಪಾಲು ಉಳಿಯುತ್ತದೆ. ಚಿಕ್ಕದು ಮಾಡಿದ ಮೇಲೆ ಅದೇ ಗೀಟು ಒಂದು ಪಿಕ್ಸೆಲ್ ಆಗಿ ಕೊನೆಯ ಸಂಖ್ಯೆಗಳ ಕಡೆ ಸರಿಯುತ್ತದೆ. ಜೆಪೆಗ್ ಜಾಸ್ತಿ ಕತ್ತರಿಸುವುದು ಅಲ್ಲೇ. ಮೊದಲ ಹೆಜ್ಜೆ ಗೀಟನ್ನು ಎರಡನೇ ಹೆಜ್ಜೆಯ ಬಾಯಿಗೆ ತಂದು ಇಡುತ್ತದೆ.

ಇದು ಬರೀ ನನ್ನ ಊಹೆ ಆಗಬಾರದು ಎಂದು ಮೂಲ ಸಿಕ್ಕ ಪುಟಗಳ ಮೇಲೆ ಮೂರು ನಕಲು ಮಾಡಿ ಓದಿಸಿದೆ:

```
magick mula.jpg -resize 1600x1600 -quality 100 a.jpg
magick mula.jpg -quality 60 b.jpg
magick mula.jpg -resize 1600x1600 -quality 60 c.jpg
```

ಬರೀ ಒತ್ತಿದ b ಬಹುತೇಕ ಮೂಲದ ಹಾಗೇ ಓದಿಸಿಕೊಂಡಿತು. ಬರೀ ಚಿಕ್ಕದಾದ a ಸಾಕಷ್ಟು ಏಟು ತಿಂದಿತ್ತು. ಎರಡೂ ಆದ c ಗ್ರೂಪಿನಿಂದ ಬಂದ ಫೋಟೋದಂಥದೇ ತಪ್ಪುಗಳನ್ನು ತೋರಿಸಿತು. a ಮತ್ತು b ಎರಡರ ತಪ್ಪುಗಳನ್ನು ಕೂಡಿದರೂ c ಅಷ್ಟು ಆಗುತ್ತಿರಲಿಲ್ಲ.

c ಚಿತ್ರವನ್ನು ದೊಡ್ಡದು ಮಾಡಿ ‘ಸಹಾಯಧನ’ದ ಮೇಲೆ ಬಹಳ ಹೊತ್ತು ಕಣ್ಣಿಟ್ಟೆ. ಒಂದು ಚೌಕದಲ್ಲಿ ಹೆಚ್ಚು ಕಡಿಮೆ ಒಂದು ಅಕ್ಷರ ಕೂತಿತ್ತು. ‘ಧ’ದ ಬುಡ ನಯವಾಗಿ ದುಂಡಗಾಗಿತ್ತು, ಗೀಟಿನ ಜಾಗದಲ್ಲಿ ಬೂದು ಮಬ್ಬು ಮಾತ್ರ. ಅದರಾಚೆ ಬಿಳಿ ಜಾಗದಲ್ಲಿ ಇಲ್ಲದ ತೆಳು ಚುಕ್ಕಿಗಳು ಎದ್ದಿದ್ದವು. ಚೂಪಾದ ಅಂಚಿನ ಸುತ್ತ ಜೆಪೆಗ್ ಬಿಡುವ ಕಲೆ ಅದು. ಹಾಗಾಗಿ ಇರುವ ಚುಕ್ಕಿ ಹೋಗುವುದು ಒಂದು ಕಡೆ, ಇಲ್ಲದ ಚುಕ್ಕಿ ಕಾಣುವುದು ಇನ್ನೊಂದು ಕಡೆ.

ಮಾದರಿ ಪ್ರತಿ ಸಾಲನ್ನೂ ಓದುವ ಮುಂಚೆ ತನಗೆ ಗೊತ್ತಿರುವ ಒಂದೇ ಎತ್ತರಕ್ಕೆ ಹಿಗ್ಗಿಸಿಕೊಳ್ಳುತ್ತದೆ. ಹತ್ತು ಪಿಕ್ಸೆಲಿನ ಅಕ್ಷರ ದೊಡ್ಡದಾಗಿ ಕಾಣುತ್ತದೆ ನಿಜ, ಹೋದ ಗೀಟು ಮರಳುವುದಿಲ್ಲ. ಮಾದರಿಗೆ ಕಾಣುವುದು ಒಂದು ಸ್ವಚ್ಛವಾದ ‘ದ’. ಅದಕ್ಕೇ ಭರವಸೆಯ ಅಂಕ ಬೀಳಲಿಲ್ಲ. ಮಸುಕಾಗಿ ಕಂಡು ಅನುಮಾನಪಟ್ಟಿದ್ದರೆ ನಮಗೆ ಮೊದಲೇ ಸುಳಿವು ಸಿಗುತ್ತಿತ್ತು.

ಮಾಡಿ ನೋಡಿದ್ದು

ಮೊದಲು ಸುಲಭದ ದಾರಿ ಹಿಡಿದೆ. ಚಿತ್ರವನ್ನು ಚೂಪು ಮಾಡಿ ದೊಡ್ಡದು ಮಾಡುವ ಒಂದು ಎಐ ಉಪಕರಣಕ್ಕೆ ಪುಟಗಳನ್ನು ಕೊಟ್ಟೆ. ಹೊರಬಂದ ಪುಟಗಳು ನೋಡಲು ಹೊಸ ಅಚ್ಚಿನ ಹಾಗಿದ್ದವು. ಕಾರ್ಯದರ್ಶಿಯವರಿಗೆ ಖುಷಿಯಾಯಿತು, ನನಗೂ ಅರ್ಧ ದಿನ ಖುಷಿಯಾಗಿತ್ತು. ಮೂಲ ಇದ್ದ ಪುಟದ ಪಕ್ಕ ಇಟ್ಟು ನೋಡಿದಾಗ ಎದೆ ಧಸಕ್ಕೆಂದಿತು. ಮಬ್ಬಾಗಿದ್ದ ಒತ್ತಕ್ಷರಗಳ ಜಾಗದಲ್ಲಿ ಅದು ತನ್ನದೇ ಗೆರೆಗಳನ್ನು ಬರೆದಿತ್ತು. ಕೆಲವು ಯಾವ ಕನ್ನಡ ಅಕ್ಷರವೂ ಆಗಿರಲಿಲ್ಲ, ಕೆಲವು ಬೇರೆ ಅಕ್ಷರವೇ ಆಗಿದ್ದವು. ಮಬ್ಬಿದ್ದಾಗ ಕನಿಷ್ಠ ಮನುಷ್ಯರ ಕಣ್ಣಿಗೆ ಅನುಮಾನ ಬರುತ್ತಿತ್ತು. ಈಗ ಅದೂ ಹೋಯಿತು. ಆ ಪುಟಗಳನ್ನು ಅಂದೇ ಅಳಿಸಿದೆ. ಇದು ಈ ಕೆಲಸದಲ್ಲಿ ನಾನು ತೆಗೆದುಕೊಂಡ ಒಳ್ಳೆಯ ನಿರ್ಧಾರಗಳಲ್ಲಿ ಒಂದು ಎಂದು ಈಗಲೂ ನಂಬಿದ್ದೇನೆ.

ಆಮೇಲೆ ಮಾದರಿಗೇ ಇನ್ನೊಂದು ಸುತ್ತು ತರಬೇತಿ ಕೊಟ್ಟೆ. ಸರಿಯಾದ ಪಠ್ಯ ಗೊತ್ತಿರುವ ಪುಟಗಳನ್ನು c ಹಾಗೆ ಕುಗ್ಗಿಸಿ, ಕುಗ್ಗಿದ ಚಿತ್ರ ಮತ್ತು ಸರಿ ಪಠ್ಯ ಎರಡನ್ನೂ ಜೋಡಿಸಿ ಕೊಟ್ಟೆ. ಓದು ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ‘ಸಹಾಯಧನ’ ಎಲ್ಲ ಕಡೆ ಸರಿಯಾಗಿ ಬಂತು. ಇನ್ನೇನು ಮುಗಿಯಿತು ಅನ್ನುವಾಗ ಒಂದು ನಿರ್ಣಯದಲ್ಲಿ ‘ಧನದ ಆಸ್ಪತ್ರೆಗೆ ಜಾಗ’ ಎಂದು ಬಂತು. ಅಚ್ಚಾಗಿದ್ದದ್ದು ‘ದನದ ಆಸ್ಪತ್ರೆ’. ಮಾದರಿ ಗೀಟನ್ನು ನೋಡಲು ಕಲಿತಿರಲಿಲ್ಲ. ಸಂಘದ ವರದಿಯಲ್ಲಿ ‘ಧನ’ ಜಾಸ್ತಿ ಬರುತ್ತದೆ ಎಂಬುದನ್ನು ಕಲಿತಿತ್ತು.

ಪದಗಳಲ್ಲಾದರೆ ಅಕ್ಕಪಕ್ಕದ ಮಾತು ನೋಡಿ ಊಹಿಸಬಹುದು. ಅಂಕಿಗೆ ಅಕ್ಕಪಕ್ಕ ಏನೂ ಹೇಳುವುದಿಲ್ಲ. 124.50 ಎಷ್ಟು ಸಹಜವೋ 12450 ಕೂಡ ಅಷ್ಟೇ ಸಹಜ. ಲೆಕ್ಕದ ಪಟ್ಟಿಗಳಲ್ಲಿ ಈ ತರಬೇತಿಯಿಂದ ಏನೂ ಪ್ರಯೋಜನ ಆಗಲಿಲ್ಲ. ಸಂಘಕ್ಕೆ ಮುಖ್ಯವಾಗಿ ಬೇಕಿದ್ದದ್ದು ಆ ಪಟ್ಟಿಗಳೇ. ಅಲ್ಲಿಗೆ ಮಾದರಿಯನ್ನು ತಿದ್ದುವುದು ಬಿಟ್ಟು ಫೋಟೋ ಬರುವ ದಾರಿಯನ್ನು ತಿದ್ದೋಣ ಎಂದು ತೀರ್ಮಾನ ಮಾಡಿದೆವು.

ದಾರಿ ಬದಲಿಸಿದ್ದು

ಪೆನ್‌ಡ್ರೈವ್ ಹಿಡಿದುಕೊಂಡು ಊರಿಗೇ ಹೋದೆ. ಮೂರು ಫೋನುಗಳಲ್ಲಿ ಒಂದರಲ್ಲಿ ಎಲ್ಲ ಮೂಲ ಫೋಟೋಗಳಿದ್ದವು. ಇನ್ನೊಬ್ಬರು ಜಾಗ ಸಾಲದೆ ಗ್ಯಾಲರಿ ಅಳಿಸಿದ್ದರು. ‘ಗ್ರೂಪಲ್ಲಿ ಉಂಟಲ್ಲ’ ಅನ್ನುವ ಧೈರ್ಯ ಅವರದು. ಮೂರನೆಯವರು ಆಪ್ ಒಳಗಿನ ಕ್ಯಾಮೆರಾ ಗುಂಡಿಯನ್ನೇ ಒತ್ತಿ ತೆಗೆದಿದ್ದರು. ಅವರ ಫೋನಿನಲ್ಲಿ ಹುಡುಕಿದರೆ ಸಿಕ್ಕಿದ್ದೂ ಕುಗ್ಗಿದ ಪ್ರತಿಯೇ.

ಕೆಲವು ಪುಟ ಉಳಿದವಕ್ಕಿಂತ ಹದಗೆಟ್ಟಿದ್ದು ಯಾಕೆ ಎಂದೂ ಅಲ್ಲೇ ತಿಳಿಯಿತು. ಒಬ್ಬರು ಗ್ರೂಪಿನಿಂದ ಫೋಟೋ ಉಳಿಸಿಕೊಂಡು, ಓರೆ ಇದ್ದದ್ದನ್ನು ನೇರ ಮಾಡಿ, ಅಂಚು ಕತ್ತರಿಸಿ, ಮತ್ತೆ ಹಾಕಿದ್ದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಅಂಚು ಕತ್ತರಿಸಿದಾಗ ಎಂಟು ಪಿಕ್ಸೆಲಿನ ಚೌಕಗಳು ಹಳೆಯ ಜಾಗದಿಂದ ಸರಿಯುತ್ತವೆ. ಹಳೆಯ ಚೌಕದ ಗಡಿಯಲ್ಲಿದ್ದ ಕಲೆ ಈಗ ಹೊಸ ಚೌಕದ ನಡುವೆ ಬಂದು ವಿವರದ ಹಾಗೆ ನಟಿಸುತ್ತದೆ. ಹೀಗೆ ಎರಡನೇ ಒತ್ತುವಿಕೆ ಮೊದಲಿನದರ ತಪ್ಪಿನ ಮೇಲೆ ಹೊಸ ತಪ್ಪು ಹೇರುತ್ತದೆ. ಆಪ್ ಒಳಗೇ ಸುಮ್ನೆ ಫಾರ್ವರ್ಡ್ ಮಾಡಿದ್ದ ಪುಟಗಳಿಗೆ ಈ ಎರಡನೇ ಪೆಟ್ಟು ಬಿದ್ದಿರಲಿಲ್ಲ.

ಮುಂದಿನ ಕೆಲಸಕ್ಕೆ ಎರಡು ಮಾತು ಒಪ್ಪಿಕೊಂಡೆವು. ಫೋನಿನ ಸ್ವಂತ ಕ್ಯಾಮೆರಾದಲ್ಲೇ ತೆಗೆಯಬೇಕು. ಕಳಿಸುವಾಗ ಚಿತ್ರದ ಗುಂಡಿ ಬಿಟ್ಟು `Document` ಆರಿಸಿ ಫೈಲಾಗಿ ಕಳಿಸಬೇಕು. ಹಾಗೆ ಕಳಿಸಿದರೆ ಆಪ್ ಅದನ್ನು ಫೋಟೋ ಎಂದು ನೋಡುವುದಿಲ್ಲ, ಇದ್ದ ಹಾಗೇ ತಲುಪಿಸುತ್ತದೆ. `HD` ಗುಂಡಿಯನ್ನೂ ಪರೀಕ್ಷಿಸಿದೆವು. ಅಳತೆ ದೊಡ್ಡದಾಗಿಯೇ ಬಂತು, ಆದರೂ ಒತ್ತುವಿಕೆ ಇರುತ್ತದೆ. ಓದಲು ಅದು ಸಾಕಾಗುತ್ತಿತ್ತು. ಕಾಪಿಡುವ ಪ್ರತಿ ಎಂದು ಇಟ್ಟುಕೊಳ್ಳಲು ಮಾತ್ರ ನನಗೆ ಮನಸ್ಸಾಗಲಿಲ್ಲ.

ಸಿಗ್ನಲ್ ತೀರಾ ಕಡಿಮೆ ಇರುವ ಮನೆಯವರಿಗೆ ನಾಲ್ಕು ಎಂಬಿಯ ಫೈಲು ಹೋಗುತ್ತಲೇ ಇರಲಿಲ್ಲ. ಅವರಿಗೆ ಕಾಲೇಜು ಹುಡುಗಿಯೊಬ್ಬಳು ಉಪಾಯ ಹೇಳಿದಳು: “ಅಂಕಲ್, ಪುಟಾನ ನಾಲ್ಕು ಭಾಗ ಮಾಡಿ ಹತ್ತಿರದಿಂದ ತೆಗೀರಿ.” ಲೆಕ್ಕ ಹಾಕಿದರೆ ಅವಳು ಹೇಳಿದ್ದು ಸರಿ. ಆಪ್ ಕೊಡುವ 1600 ಪಿಕ್ಸೆಲ್ 13 ಇಂಚಿಗೆ ಹಂಚಿದರೆ ಸುಮಾರು 120 ಡಿಪಿಐ. ಅದೇ 1600 ಕಾಲು ಪುಟದ ಆರೂವರೆ ಇಂಚಿಗೆ ಸಿಕ್ಕರೆ ಸುಮಾರು 240. ಗೀಟು ಮತ್ತೆ ಎರಡು ಪಿಕ್ಸೆಲ್ ದಾಟುತ್ತದೆ. ಕಾಲು ಪುಟಗಳ ಅಂಚು ಒಂದರ ಮೇಲೊಂದು ಬರುವ ಹಾಗೆ ತೆಗೆಯಬೇಕು, ಜೋಡಿಸುವ ಕೆಲಸ ಹೆಚ್ಚು. ಆದರೂ ಆ ಪುಟಗಳ ಚುಕ್ಕಿಗಳು ಉಳಿದವು.

ನನ್ನ ಕಡೆಯಿಂದ ಬಾಗಿಲಲ್ಲೇ ಒಂದು ತಡೆ ಇಟ್ಟೆ. ಬಂದ ಫೈಲಿನ ಉದ್ದ 3,000 ಪಿಕ್ಸೆಲಿಗೆ ಕಮ್ಮಿ ಇದ್ದರೆ ಅದು ಮಾದರಿಗೆ ಹೋಗುವುದಿಲ್ಲ, ಬೇರೆ ಸಾಲಿಗೆ ಹೋಗುತ್ತದೆ. ಕಾಲು ಪುಟಗಳನ್ನು ಮಾತ್ರ ಕೈಯಿಂದ ನೋಡಿ ಒಳಗೆ ಬಿಡುತ್ತೇನೆ. ಪಟ್ಟಿ ಇರುವ ಪುಟದಲ್ಲಿ ಸಾಲುಗಳನ್ನು ಕೂಡಿ ಅಚ್ಚಾದ ಒಟ್ಟು ಮೊತ್ತದ ಜೊತೆ ತಾಳೆ ನೋಡುವುದನ್ನೂ ಸೇರಿಸಿದೆ. ಮಾದರಿಯ ಭರವಸೆಯ ಅಂಕ ಹಿಡಿಯದ ತಪ್ಪುಗಳನ್ನು ಈ ಕೂಡುವ ಲೆಕ್ಕ ಹಿಡಿಯುತ್ತಿದೆ. ಮುಂಚೆಯೇ ಇದನ್ನು ಇಡಬೇಕಿತ್ತು, ಮೊದಲ ದಿನವೇ.

ಬಹುತೇಕ ವರದಿಗಳನ್ನು ಮತ್ತೆ ತೆಗೆದೆವು. ಒಂದು ವರ್ಷದ್ದು ಮಾತ್ರ ಆಗಲಿಲ್ಲ. ಮೊದಲ ಫೋಟೋ ತೆಗೆದ ಮೇಲೆ ಬಂದ ಮಳೆಗಾಲದಲ್ಲಿ ಅದನ್ನು ಗೆದ್ದಲು ಪೂರ್ತಿ ತಿಂದಿತ್ತು. ಗ್ರೂಪಿನಲ್ಲಿದ್ದ 1600 ಪಿಕ್ಸೆಲಿನ ಪ್ರತಿಯೇ ಈಗ ಅದರ ಮೂಲ. ಅಲ್ಲಿನ ಹೆಚ್ಚಿನ ಚುಕ್ಕಿಗಳನ್ನು ಒಟ್ಟು ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ ಸರಿಪಡಿಸಿದೆವು. ಒಂದು ಪುಟದಲ್ಲಿ ಎರಡು ಸಾಲುಗಳ ಪೈಸೆಯ ಕೊನೆಯ ಅಂಕಿ ಮಬ್ಬಾಗಿದೆ. ಎರಡೂ ಸೇರಿ 7 ಆಗಬೇಕು ಎಂದು ಒಟ್ಟು ಹೇಳುತ್ತದೆ. ಯಾವ ಸಾಲಿನದು ಎಷ್ಟು ಎಂದು ಹೇಳಲು ಆ ಪಿಕ್ಸೆಲುಗಳಲ್ಲಿ ಏನೂ ಉಳಿದಿಲ್ಲ. ಮಾದರಿ ಅಲ್ಲಿ ಎರಡು ಅಂಕಿ ಕೊಟ್ಟಿತ್ತು, ಅವನ್ನು ತೆಗೆದು ಎರಡೂ ಕಡೆ ಪ್ರಶ್ನೆ ಚಿಹ್ನೆ ಹಾಕಿದ್ದೇವೆ. ಪಕ್ಕದಲ್ಲಿ ಆ ಕುಗ್ಗಿದ ಫೋಟೋ ಇದೆ.